ಮಳೆಗಾಲ ದಾಟಿಸುವ ಜೇನು

ಕುಮಟೆಯ ಮಗ್ಗುಲಿನ ಹೊಳನಗದ್ದೆಯಂಥ ಕಡಲಂಚಿನ ಊರುಗಳಲ್ಲಿ ಜಮೀನಿನ ಮಾತು ಬಂದರೆ ಅದು ಎಕರೆಯ ಲೆಕ್ಕವಲ್ಲ, ಗುಂಟೆಯ ಲೆಕ್ಕ. ಮನೆಯ ಸುತ್ತ ಒಂದಿಷ್ಟು ತೆಂಗು, ಬಾವಿಕಟ್ಟೆಯ ಹತ್ತಿರ ನಾಲ್ಕು ಅಡಿಕೆ, ಬೇಲಿಯ ಬದಿಗೆ ಒಂದು ಗೇರು, ಒಂದು ಮಾವು. ಅದರಾಚೆ ಗದ್ದೆ ಇದ್ದವರಿಗೆ ಮಳೆಗಾಲದ ಭತ್ತ, ಆಮೇಲೆ ಶೇಂಗಾ. ಇಷ್ಟರಲ್ಲಿ ಹೊಸದಾಗಿ ಏನು ಮಾಡಬಹುದು ಎಂದು ಯೋಚಿಸುವ ಹುಡುಗರು ಈಗ ಬಹಳ ಮಂದಿ ಇದ್ದಾರೆ. ಬೆಂಗಳೂರಿನಿಂದ ತಿರುಗಿ ಬಂದವರೂ ಇದ್ದಾರೆ, ಊರು ಬಿಡಲು ಮನಸ್ಸಿಲ್ಲದವರೂ ಇದ್ದಾರೆ.

"ಮಾಮ, ಅಣಬೆ ಮಾಡ್ಲಾ, ಎರೆಗೊಬ್ಬರ ಮಾಡ್ಲಾ, ಜೇನು ಸಾಕ್ಲಾ? ಕೈಯಲ್ಲಿರೋದು ಹತ್ತು ಸಾವಿರ ಅಷ್ಟೇ" ಎಂದು ಅವರು ಕೇಳುವಾಗ ನಾನು ಮೊದಲು ತಿರುಗಿ ಕೇಳುವುದು ಎರಡೇ ಪ್ರಶ್ನೆ. ಮನೆಯಲ್ಲಿ ದನ ಇದೆಯೇ? ಬೆಳಿಗ್ಗೆ ಕೊಯ್ದದ್ದನ್ನು ಅಂದೇ ಪೇಟೆಗೆ ಮುಟ್ಟಿಸುವ ಜನ ಇದ್ದಾರೆಯೇ? ದನ ಇದ್ದರೆ ಎರೆಗೊಬ್ಬರ ಸುಲಭ. ಸಗಣಿಯನ್ನು ಹಣ ಕೊಟ್ಟು ತರಬೇಕಾದ ಮನೆಯಲ್ಲಿ ಅದರ ಲಾಭವೆಲ್ಲ ಸಗಣಿಗೇ ಹೋಗುತ್ತದೆ. ಚಿಪ್ಪಣಬೆಗೆ ನಮ್ಮ ಕರಾವಳಿಯ ತೇವ ಹಿತ, ಭತ್ತದ ಹುಲ್ಲೂ ಊರಲ್ಲೇ ಸಿಗುತ್ತದೆ. ಆದರೆ ಕೊಯ್ದ ಅಣಬೆ ಮರುದಿನಕ್ಕೆ ಬಾಡುತ್ತದೆ. ಹೋಟೆಲಿನವರೋ ಅಂಗಡಿಯವರೋ ಖಾಯಂ ಗಿರಾಕಿ ಆಗುವ ತನಕ ಅದು ಪ್ರತಿದಿನದ ಓಡಾಟ. ಈ ಎರಡೂ ಇಲ್ಲದವರಿಗೆ ನಾನು ಹೇಳುವುದು ತುಡುವೆ ಜೇನು. ಜೇನುತುಪ್ಪಕ್ಕೆ ಮಾರಾಟದ ಅವಸರವಿಲ್ಲ, ಜೇನಿಗೆ ನಿಮ್ಮ ಬೇಲಿಯ ಗೊಡವೆಯೂ ಇಲ್ಲ. ನೆರೆಯವರ ಮಾವು, ಬೆಟ್ಟದ ನೇರಳೆ, ಹಿತ್ತಲಿನ ತುಳಸಿ ಎಲ್ಲವೂ ಅದಕ್ಕೆ ಒಂದೇ.

ತುಡುವೆಯನ್ನೇ ಯಾಕೆ ಹೇಳುತ್ತೇನೆಂದರೆ, ನಮ್ಮಲ್ಲಿ ಕಾಣುವ ಜೇನುಗಳಲ್ಲಿ ಹೆಜ್ಜೇನು ಎತ್ತರದ ಕೊಂಬೆಗೆ ಒಂದೇ ದೊಡ್ಡ ಎರಿ ಕಟ್ಟುವಂಥದ್ದು, ಕೋಲುಜೇನಿನದು ಪೊದೆಯಲ್ಲಿ ಅಂಗೈಯಗಲದ ಒಂದೇ ಎರಿ. ಇವೆರಡನ್ನೂ ಪೆಟ್ಟಿಗೆಯಲ್ಲಿ ಕೂರಿಸಲಾಗದು. ತುಡುವೆ ಮರದ ಪೊಟರೆಯಲ್ಲಿ, ಹುತ್ತದಲ್ಲಿ, ಕತ್ತಲಲ್ಲಿ, ಸಾಲಾಗಿ ಹಲವು ಎರಿ ಕಟ್ಟುತ್ತದೆ. ಹೀಗಾಗಿ ಪೆಟ್ಟಿಗೆಯ ಬಾಳು ಅದಕ್ಕೆ ಹೊಸದಲ್ಲ. ಎರಿ ಮತ್ತು ಎರಿಯ ನಡುವೆ ಜೇನು ತನ್ನ ಓಡಾಟಕ್ಕೆ ಇಂತಿಷ್ಟೇ ಎಂಬ ಅಂತರ ಬಿಡುತ್ತದೆ ಎಂಬುದನ್ನು 1851ರಲ್ಲಿ ಅಮೆರಿಕದ ಲ್ಯಾಂಗ್‌ಸ್ಟ್ರಾತ್ ಎಂಬ ಪಾದ್ರಿ ಸರಿಯಾಗಿ ಹಿಡಿದರು. ಎತ್ತಿ ಇಡಬಲ್ಲ ಚೌಕಟ್ಟಿನ ಪೆಟ್ಟಿಗೆ ಹುಟ್ಟಿದ್ದು ಆ ತಿಳಿವಿನಿಂದ. ನಮ್ಮ ತುಡುವೆಗೆ ಹೊಂದುವ ಸಣ್ಣ ಪೆಟ್ಟಿಗೆಯನ್ನು ಇಪ್ಪತ್ತನೇ ಶತಮಾನದ ಮೊದಲ ದಶಕಗಳಲ್ಲಿ ತಿರುಚಿರಾಪಳ್ಳಿಯಲ್ಲಿ ರೂಪಿಸಿದವರೂ ಒಬ್ಬ ಪಾದ್ರಿಯೇ, ಫಾದರ್ ನ್ಯೂಟನ್. ಇಂದಿಗೂ ಅವರ ಹೆಸರಿನ ಪೆಟ್ಟಿಗೆ ಬಳಕೆಯಲ್ಲಿದೆ. ಕೆಳಗೆ ಸಂಸಾರ ಕೋಣೆ, ಅಲ್ಲಿ ರಾಣಿ, ಮೊಟ್ಟೆ, ಮರಿ. ಮೇಲೆ ಜೇನು ಕೋಣೆ, ಅಲ್ಲಿ ತುಪ್ಪ ಮಾತ್ರ. ಮರಿಗಳನ್ನು ಹಿಂಡದೆ ತುಪ್ಪ ತೆಗೆಯಲು ಸಾಧ್ಯವಾದದ್ದು ಈ ಎರಡು ಮಹಡಿಯಿಂದ.

ಪೆಟ್ಟಿಗೆಯನ್ನು ಕೊಳ್ಳುವ ಕಾಲ ಯಾವುದೆಂದರೆ, ಮಳೆ ಹಿಂದೆ ಸರಿದ ಅಕ್ಟೋಬರ್, ನವೆಂಬರ್. ಗೇರು ಹೂ ಬಿಡಲು ತೊಡಗುತ್ತದೆ, ಬೆನ್ನಿಗೇ ಮಾವು, ಆಮೇಲೆ ಬೆಟ್ಟದಲ್ಲಿ ನೇರಳೆ. ತೆಂಗು ವರ್ಷವಿಡೀ ಇದ್ದೇ ಇದೆ, ತಿಂಗಳಿಗೊಂದು ಹೊಂಬಾಳೆಯ ಲೆಕ್ಕದಲ್ಲಿ. ಉದ್ದ ತಳಿಯ ತೆಂಗಿನಲ್ಲಿ ಒಂದೇ ಹೊಂಬಾಳೆಯ ಗಂಡು ಹೂಗಳು ಮೊದಲು ಅರಳಿ ಮುಗಿಯುತ್ತವೆ, ಹೆಣ್ಣು ಹೂಗಳು ಆಮೇಲೆ ತೆರೆದುಕೊಳ್ಳುತ್ತವೆ. ಹಾಗಾಗಿ ಪರಾಗ ಬೇರೆ ಮರದಿಂದ ಬರಬೇಕು. ಗಾಳಿಯ ಜತೆಗೆ ಜೇನೂ ಆ ಕೆಲಸ ಮಾಡುತ್ತದೆ. ತೆಂಗಿನ ತೋಟದವರು ಇದನ್ನೂ ಜೇನಿನ ಲೆಕ್ಕಕ್ಕೆ ಬರೆದುಕೊಳ್ಳಬೇಕು.

ಹತ್ತು ಸಾವಿರದವರು ಹತ್ತು ಪೆಟ್ಟಿಗೆಗೆ ಆಸೆ ಪಡುವುದು ಬೇಡ, ಎರಡು ಸಾಕು. ಒಂದೇ ಇದ್ದರೆ ಹೋಲಿಸಿ ನೋಡಲು ಇನ್ನೊಂದಿಲ್ಲ. ಒಂದರಲ್ಲಿ ರಾಣಿ ಸತ್ತರೆ ಇನ್ನೊಂದರಿಂದ ಮೊಟ್ಟೆಯ ಎರಿ ಕೊಟ್ಟು ಉಳಿಸಬಹುದು. ಕುಟುಂಬವನ್ನು ಕರಾವಳಿಯಲ್ಲೇ ಸಾಕಿದವರಿಂದ ತನ್ನಿ, ಇಲ್ಲಿಯ ಮಳೆ ಕಂಡ ಜೇನು ಇಲ್ಲಿಗೆ ಒಗ್ಗುತ್ತದೆ. ತರುವ ಮುಂಚೆ ಎರಿ ಎತ್ತಿ ನೋಡಿ. ಕೋಣೆಗೊಂದರಂತೆ, ತಳಕ್ಕೆ ನೆಟ್ಟ ಮೊಟ್ಟೆ ಕಂಡರೆ ರಾಣಿ ಇದ್ದಾಳೆ. ಒಂದೇ ಕೋಣೆಯಲ್ಲಿ ಎರಡು ಮೂರು ಮೊಟ್ಟೆ ಅಡ್ಡಾದಿಡ್ಡಿ ಇದ್ದರೆ ರಾಣಿ ಇಲ್ಲದೆ ಕೆಲಸದ ಜೇನುಗಳೇ ಮೊಟ್ಟೆ ಇಡಲು ಶುರು ಮಾಡಿವೆ ಎಂದು ತಿಳಿಯಿರಿ. ಆ ಮೊಟ್ಟೆಗಳಿಂದ ಬರುವುದು ಬರೀ ಗಂಡು ಜೇನು. ಅಂಥ ಕುಟುಂಬ ಪುಕ್ಕಟೆ ಸಿಕ್ಕರೂ ಬೇಡ. ಗಂಡು ಮರಿಯ ಕೋಣೆಯ ಮುಚ್ಚಳ ಉಬ್ಬಿಕೊಂಡು, ನೆತ್ತಿಯಲ್ಲಿ ಸೂಜಿಮೊನೆಯಷ್ಟು ತೂತು ಇರುತ್ತದೆ. ತುಡುವೆಯಲ್ಲಿ ಮಾತ್ರ ಈ ಗುರುತು ಇಷ್ಟು ಚೊಕ್ಕ.

ಪೆಟ್ಟಿಗೆಯ ಕಾಲುಗಳನ್ನು ನೀರಿನ ಬಟ್ಟಲಲ್ಲಿ ನಿಲ್ಲಿಸಿದರೆ ಇರುವೆಯ ಕಾಟ ಮುಗಿಯಿತು. ಬಾಗಿಲು ಬೆಳಗಿನ ಬಿಸಿಲಿಗೆ, ಬೆನ್ನು ಕಡಲ ಗಾಳಿಗೆ. ಉಳಿದದ್ದು ನೋಡುವ ಕೆಲಸ, ಅದು ವಾರಕ್ಕೊಮ್ಮೆ ಸಾಕು. ದಿನಾ ಪೆಟ್ಟಿಗೆ ಬಿಚ್ಚುವವರ ಜೇನು ಬೇಸತ್ತು ಹೋಗುತ್ತದೆ. ದಿನಾ ನೋಡಬೇಕಾದ್ದು ಬಾಗಿಲನ್ನು. ಬೆಳಿಗ್ಗೆ ಹತ್ತು ನಿಮಿಷ ಪಕ್ಕದಲ್ಲಿ ಕುಳಿತರೆ, ಹಿಂಗಾಲಿಗೆ ಹಳದಿ ಪರಾಗದ ಉಂಡೆ ಕಟ್ಟಿಕೊಂಡು ಬರುವ ಜೇನು ಎಷ್ಟು ಎಂದು ತಿಳಿಯುತ್ತದೆ. ಪರಾಗ ಬರುತ್ತಿದ್ದರೆ ಒಳಗೆ ಮರಿಗಳಿವೆ, ಮರಿಗಳಿದ್ದರೆ ರಾಣಿ ಇದ್ದಾಳೆ.

ಜನವರಿಯ ಹೊತ್ತಿಗೆ ಕುಟುಂಬ ತುಂಬಿದಾಗ ಎರಿಯ ಕೆಳ ಅಂಚಿನಲ್ಲಿ ಶೇಂಗಾ ಕಾಯಿಯಂತೆ ಜೋತ ಕೋಣೆಗಳು ಕಂಡರೆ, ಹೊಸ ರಾಣಿ ತಯಾರಾಗುತ್ತಿದ್ದಾಳೆ, ಕುಟುಂಬ ಪಾಲಾಗಲು ಹೊರಟಿದೆ ಎಂದರ್ಥ. ಅದು ತಾನಾಗಿ ಹಾರಿಹೋಗುವ ಮೊದಲು ನೀವೇ ಪಾಲು ಮಾಡಿ. ಹಳೆಯ ರಾಣಿಯನ್ನು ಮರಿ ಇರುವ ಎರಡು ಮೂರು ಎರಿಗಳ ಸಮೇತ ಹೊಸ ಪೆಟ್ಟಿಗೆಗೆ ಕೊಡಿ. ಹಳೆಯದರಲ್ಲಿ ರಾಣಿ ಕೋಣೆ ಉಳಿಯಲಿ. ಹೊಸ ರಾಣಿ ಹೊರಬಂದು, ಹಾರಿ, ಗಂಡು ಜೇನುಗಳೊಡನೆ ಕೂಡಿ ಮೊಟ್ಟೆ ಇಡಲು ಎರಡು ಮೂರು ವಾರ ಬೇಕು. ಆ ತನಕ ಪೆಟ್ಟಿಗೆ ಮುಟ್ಟಬೇಡಿ. ಮೊದಲ ವರ್ಷದ ನಿಜವಾದ ಬೆಳೆ ಇದು, ಎರಡು ಪೆಟ್ಟಿಗೆ ನಾಲ್ಕಾಗುವುದು. ತುಪ್ಪದ ಆಸೆಗೆ ಇದನ್ನು ಬಿಟ್ಟವರು ಮರುವರ್ಷವೂ ಹಣ ಕೊಟ್ಟು ಕುಟುಂಬ ಕೊಳ್ಳುತ್ತಾರೆ.

ತುಪ್ಪದ ಮಾತಿಗೆ ಬಂದರೆ, ತುಡುವೆಯ ಒಂದು ಪೆಟ್ಟಿಗೆ ವರ್ಷಕ್ಕೆ ಐದರಿಂದ ಹತ್ತು ಕಿಲೋ ಕೊಟ್ಟರೆ ಅದು ಒಳ್ಳೆಯ ಪೆಟ್ಟಿಗೆ. ಎರಿಯ ಮುಕ್ಕಾಲು ಭಾಗ ಮೇಣದ ಮುಚ್ಚಳ ಬೀಳುವ ತನಕ ಕಾಯಲೇಬೇಕು. ನಮ್ಮ ಗಾಳಿಯಲ್ಲಿ ಮೊದಲೇ ತೇವ ಹೆಚ್ಚು. ತುಪ್ಪದಲ್ಲಿ ನೀರಿನಂಶ ನೂರಕ್ಕೆ ಇಪ್ಪತ್ತು ದಾಟಿತೆಂದರೆ ಹುಳಿಯುವ ದಾರಿ ತೆರೆಯಿತು. ಮುಚ್ಚಳ ಸಡಿಲಿಸಿದಾಗ ನೊರೆ, ಬಾಟಲಿಯಲ್ಲಿ ಹುಳಿ ವಾಸನೆ, ಇವು ಅವಸರದಲ್ಲಿ ತೆಗೆದ ತುಪ್ಪದ ಲಕ್ಷಣ. ಅಂಥ ಒಂದು ಬಾಟಲಿ ಊರಲ್ಲಿ ಹೋದರೆ ಮುಂದಿನ ಹತ್ತು ಬಾಟಲಿಗೆ ಗಿರಾಕಿ ಇಲ್ಲ.

ಇನ್ನು ನಾನು ಇಷ್ಟು ಹೊತ್ತು ಹೇಳಲು ಕಾದಿದ್ದ ಮಾತು. ಕುಮಟೆ ಸೀಮೆಯಲ್ಲಿ ಜೇನು ಉಳಿಯುವುದೋ ಹೋಗುವುದೋ ತೀರ್ಮಾನವಾಗುವುದು ಬೇಸಿಗೆಯಲ್ಲಲ್ಲ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಮೂರು ಸಾವಿರ ಮಿಲಿಮೀಟರಿಗೂ ಮೀರಿದ ಮಳೆ ಬಹುಪಾಲು ಆ ನಾಲ್ಕು ತಿಂಗಳಲ್ಲೇ ಸುರಿಯುತ್ತದೆ. ಹೂವಿದ್ದರೂ ಮಕರಂದ ತೊಳೆದುಹೋಗಿರುತ್ತದೆ, ಜೇನಿಗೆ ಹಾರಲು ಬಿಡುವು ಸಿಗುವುದಿಲ್ಲ. ಆಹಾರ ಮುಗಿದರೆ ರಾಣಿ ಮೊಟ್ಟೆ ಇಡುವುದು ನಿಲ್ಲಿಸುತ್ತಾಳೆ, ಕುಟುಂಬ ಸೊರಗುತ್ತದೆ, ಕಾಯುವವರಿಲ್ಲದ ಖಾಲಿ ಎರಿಗೆ ಮೇಣದ ಚಿಟ್ಟೆಯ ಹುಳು ಬೀಳುತ್ತದೆ. ಎರಿಯ ಮೇಲೆ ಬಲೆಯಂಥ ಬಿಳಿ ಎಳೆ, ತಳದಲ್ಲಿ ಕರಿ ಹಿಕ್ಕೆ ಕಂಡರೆ ಅದು ಒಳಗೆ ಸೇರಿ ಆಗಿದೆ. ಕೊನೆಗೊಂದು ಬಿಸಿಲಿನ ಹೊತ್ತಿನಲ್ಲಿ ಇಡೀ ಕುಟುಂಬ ಪೆಟ್ಟಿಗೆ ಬಿಟ್ಟು ಹೋಗುತ್ತದೆ. ಮೇಣದ ಹುಳು ಓಡಿಸಿತು ಎಂದು ಜನ ಹೇಳುತ್ತಾರೆ, ನನ್ನ ಮಟ್ಟಿಗೆ ಓಡಿಸಿದ್ದು ಹಸಿವು.

ಇದಕ್ಕೆ ಬೇಕಾದ್ದು ಸಕ್ಕರೆ. ಒಂದು ಲೀಟರ್ ಕುದಿಸಿದ ನೀರಿಗೆ ಒಂದು ಕಿಲೋ ಸಕ್ಕರೆ ಕರಗಿಸಿ ಆರಿಸಿ, ತೆಂಗಿನ ಕರಟದಲ್ಲಿ ಕಾಲು ಲೀಟರಿನಷ್ಟು ಹೊಯ್ದು, ಜೇನು ಮುಳುಗದಂತೆ ನಾಲ್ಕು ಕಡ್ಡಿ ತೇಲಿಸಿ ಪೆಟ್ಟಿಗೆಯ ಒಳಗೆ ಇಡಬೇಕು. ಇದು ಸಂಜೆಯ ಕೆಲಸ, ಹಗಲಿನಲ್ಲಿ ಇಟ್ಟರೆ ಪಕ್ಕದ ಪೆಟ್ಟಿಗೆಯವು ಲೂಟಿಗೆ ಬರುತ್ತವೆ. ವಾರಕ್ಕೆ ಎರಡು ಸಲ ಎಂದರೂ ನಾಲ್ಕು ತಿಂಗಳಿಗೆ ಪೆಟ್ಟಿಗೆಗೆ ಐದಾರು ಕಿಲೋ ಸಕ್ಕರೆ. ಒಂದು ಕಿಲೋ ಜೇನುತುಪ್ಪದ ಬೆಲೆಯೊಳಗೆ ಅದು ಮುಗಿಯುತ್ತದೆ. ಜತೆಗೆ, ಜೇನು ಮುಚ್ಚದ ಎರಿಗಳನ್ನು ತೆಗೆದು ಕುಟುಂಬವನ್ನು ಒತ್ತಾಗಿಸಿ, ಜೇನು ಕೋಣೆ ಕೆಳಗಿಳಿಸಿ, ಮಾಡಿಗೆ ಅಡಿಕೆ ಹಾಳೆಯನ್ನೋ ತಗಡನ್ನೋ ಹೊದಿಸಿ. ಸಕ್ಕರೆ ಕೊಡುವ ಕಾಲದಲ್ಲಿ ತುಪ್ಪ ತೆಗೆಯಬಾರದು ಎಂಬುದನ್ನು ಬೇರೆ ಹೇಳಬೇಕಿಲ್ಲ.

ಹೀಗೆಲ್ಲ ಮಾಡಿಯೂ ಕೈಮೀರುವುದು ಒಂದಿದೆ. 1991-92ರ ಹೊತ್ತಿಗೆ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ಬಂದು ಕರ್ನಾಟಕದ ತುಡುವೆ ಕುಟುಂಬಗಳಲ್ಲಿ ಬಹುಪಾಲು ನಾಶವಾದವು. ಜೇನನ್ನೇ ನಂಬಿದ್ದ ಎಷ್ಟೋ ಮನೆಗಳಲ್ಲಿ ಪೆಟ್ಟಿಗೆಗಳು ಅಟ್ಟ ಸೇರಿದವು. ಮುಚ್ಚಳ ಬೀಳುವ ಹೊತ್ತಿನ ಮರಿ ನೀರು ತುಂಬಿದ ಚೀಲದಂತಾಗಿ, ತಲೆ ಮೇಲೆತ್ತಿಕೊಂಡು ಕೋಣೆಯಲ್ಲೇ ಸಾಯುವುದು ಅದರ ಗುರುತು. ಇದಕ್ಕೆ ಔಷಧಿ ಇಲ್ಲ. ರೋಗದ ಎರಿ ಸುಟ್ಟು, ರಾಣಿಯನ್ನು ಕೆಲವು ದಿನ ಪಂಜರದಲ್ಲಿಟ್ಟು ಮೊಟ್ಟೆ ನಿಲ್ಲಿಸಿದರೆ, ಬಲವಿದ್ದ ಕುಟುಂಬ ಚೇತರಿಸಿಕೊಳ್ಳುವುದುಂಟು. ಇಂದು ನಮ್ಮಲ್ಲಿರುವ ತುಡುವೆ ಆ ಹೊಡೆತದಲ್ಲಿ ಉಳಿದವುಗಳ ಸಂತತಿ. ಊರು ಗೊತ್ತಿಲ್ಲದ ಕುಟುಂಬವನ್ನು ಅಗ್ಗಕ್ಕೆ ತರಬೇಡಿ ಎನ್ನುವುದು ಇದೇ ಕಾರಣಕ್ಕೆ.

ಎರಡು ಪೆಟ್ಟಿಗೆಯ ಮೊದಲ ವರ್ಷದ ಲೆಕ್ಕ ಹೀಗೆ. ಪಾಲು ಮಾಡಿದ್ದರಿಂದ ತುಪ್ಪ ಕಡಿಮೆ, ಎರಡರಿಂದಲೂ ಸೇರಿ ಆರು ಕಿಲೋ ಎನ್ನಿ. ಕಿಲೋಗೆ 500 ರೂಪಾಯಿಯಂತೆ 3,000. ನಾಲ್ಕು ಪೆಟ್ಟಿಗೆಗೆ ಮಳೆಗಾಲದ ಸಕ್ಕರೆ ಇಪ್ಪತ್ತೆರಡು ಕಿಲೋ, ಸುಮಾರು 1,000. ಉಳಿದದ್ದು ಎರಡು ಸಾವಿರ ಮತ್ತು ಎರಡು ಹೊಸ ಕುಟುಂಬ. ಇದರಿಂದ ಮನೆ ನಡೆಯುವುದಿಲ್ಲ. ಹತ್ತು ಪೆಟ್ಟಿಗೆ ಆಗುವ ತನಕ ಇದನ್ನು ಉದ್ಯೋಗ ಎಂದು ಕರೆಯಲೂಬಾರದು, ಕೈಯಲ್ಲಿರುವ ಬೇರೆ ಕೆಲಸ ಬಿಡಲೂಬಾರದು. ಪೆಟ್ಟಿಗೆಗೆ ಸಹಾಯಧನ ಇದೆಯೇ ಎಂದು ಕುಮಟೆಯ ತೋಟಗಾರಿಕೆ ಇಲಾಖೆಯಲ್ಲಿ ಮಳೆಗಾಲ ಮುಗಿಯುವ ಮುಂಚೆಯೇ ಕೇಳಿಡಿ. ಮೇ ತಿಂಗಳಲ್ಲಿ ಜೇನು ಕೋಣೆ ತುಂಬಿದ್ದು ಕಂಡರೂ ಕೊನೆಯ ಎರಿಗಳನ್ನು ದಯವಿಟ್ಟು ಅವಕ್ಕೇ ಬಿಡಿ.