ಮಂಜಿನ ಹಿಂದಿನ ದರೆ

ಗುಡ್ಡದ ಮೇಲೊಂದು ಮನೆ, ಅದರ ಕೆಳಗೆ ಬಿಳಿ ಕಣಿವೆ, ಆಚೆಗೆ ಒಂದರ ಹಿಂದೊಂದು ಮಸುಕಾಗುತ್ತ ಹೋಗುವ ಬೆಟ್ಟಗಳು. ಮಡಿಕೇರಿ, ಮೂಡಿಗೆರೆ, ಸಕಲೇಶಪುರ ಕಡೆಯ ಹೋಂಸ್ಟೇ ಮತ್ತು ಸೈಟು ಮಾರುವವರ ಬ್ರೋಷರುಗಳಲ್ಲಿ ಈ ಚಿತ್ರ ಇದ್ದೇ ಇರುತ್ತದೆ. ಅದು ಫೋಟೋ ಅಲ್ಲ. ಮನೆ ಕಟ್ಟುವ ಮೊದಲೇ ಕಂಪ್ಯೂಟರಿನಲ್ಲಿ ಮಾಡಿಸಿದ ರೆಂಡರ್. ಸುದ್ದಿಗಿಷ್ಟು ಎಂದು ಲೆಕ್ಕ ಹಾಕಿ ಕೊಡುವ ಸ್ಟ್ರಿಂಗರ್ ದುಡ್ಡಿನಲ್ಲಿ ತಿಂಗಳು ದಾಟುವುದಿಲ್ಲ. ಹಾಗಾಗಿ ಕೆಲವು ವರ್ಷಗಳಿಂದ ನಾನೂ ಬ್ಲೆಂಡರ್‌ನಲ್ಲಿ ಇಂಥ ಚಿತ್ರಗಳನ್ನು ಮಾಡಿಕೊಡುತ್ತಿದ್ದೇನೆ. ಇವುಗಳಲ್ಲಿ ಮಂಜು ಹೇಗೆ ಬರುತ್ತದೆ ಎಂದು ಗೊತ್ತಿದ್ದರೆ, ಎಲ್ಲಿ ಬರಬಾರದ ಕಡೆ ಬಂದಿದೆ ಎನ್ನುವುದೂ ಕಾಣುತ್ತದೆ.

ಹೊಸಬರು ಮಂಜು ಎಂದರೆ ಬಿಳಿ ಬಣ್ಣ ಅಂದುಕೊಳ್ಳುತ್ತಾರೆ. ಚಿತ್ರ ಮುಗಿದ ಮೇಲೆ ಫೋಟೋಶಾಪ್‌ನಲ್ಲಿ ಬಿಳಿ ಬ್ರಷ್ ಆಡಿಸುತ್ತಾರೆ. ಅದು ಗಾಜಿನ ಮೇಲೆ ಉಸಿರು ಬಿಟ್ಟ ಹಾಗೆ ಕಾಣುತ್ತದೆಯೇ ಹೊರತು ಬೆಟ್ಟ ದೂರ ಹೋಗುವುದಿಲ್ಲ. ಮಂಜು ಎಂದರೆ ದೂರ. ನಮ್ಮ ಕಣ್ಣಿಗೂ ಬೆಟ್ಟಕ್ಕೂ ನಡುವೆ ಎಷ್ಟು ಮೀಟರ್ ತೇವದ ಗಾಳಿ ಇದೆಯೋ ಅಷ್ಟು ಬೆಟ್ಟದ ಬೆಳಕು ಸೋರಿಹೋಗಿ, ಆ ಜಾಗದಲ್ಲಿ ಆಕಾಶದ ಬೆಳಕು ತುಂಬಿಕೊಳ್ಳುತ್ತದೆ. ಅದಕ್ಕೇ ಮೊದಲು ಬದಲಾಗುವುದು ಕಪ್ಪು. ಹತ್ತಿರದ ಸಿಲ್ವರ್ ಮರದ ನೆರಳು ಕಪ್ಪಾಗಿಯೇ ಇರುತ್ತದೆ, ಮುಂದಿನ ಗುಡ್ಡದ ನೆರಳು ಬೂದಿ, ಅದರಾಚೆಯದು ಆಕಾಶಕ್ಕಿಂತ ಒಂದಿಷ್ಟೇ ಗಾಢ. ಪ್ರತಿ ಗುಡ್ಡದ ಅತಿ ಕಪ್ಪು ಜಾಗದ ಮೇಲೆ ಐಡ್ರಾಪರ್ ಇಟ್ಟು ನೋಡಿದರೆ ಇದು ತಿಳಿಯುತ್ತದೆ. ಆ ಸಂಖ್ಯೆ ದೂರಕ್ಕೆ ತಕ್ಕಂತೆ ಏರದಿದ್ದರೆ ಮಂಜು ಸುಳ್ಳು.

ನಾನು ಹೋದ ವರ್ಷ ಮಾಡಿದ ಒಂದು ಮನೆಯ ಲೆಕ್ಕ ಹೇಳುತ್ತೇನೆ. ಕ್ಯಾಮೆರಾ ರಸ್ತೆಯಲ್ಲಿದೆ. ಅಲ್ಲಿಂದ ಮನೆಗೆ 40 ಮೀಟರ್. ಬಲಕ್ಕೆ ಕಣಿವೆ, ಅದರಾಚೆ 300 ಮೀಟರ್‌ಗೆ ಒಂದು ಗುಡ್ಡ, 1200 ಮೀಟರ್‌ಗೆ ಇನ್ನೊಂದು. ಇಡೀ ದೃಶ್ಯವನ್ನು ಒಳಗಿಟ್ಟುಕೊಳ್ಳುವಷ್ಟು ದೊಡ್ಡ ಪೆಟ್ಟಿಗೆ ಮಾಡಿ, ಅದಕ್ಕೆ Volume Scatter ಕೊಟ್ಟು ಬಣ್ಣವನ್ನು ಪೂರ್ತಿ ಬಿಳಿ ಮಾಡಬೇಕು. (ಇದನ್ನೇ World ಗೆ ಕೊಟ್ಟರೆ ಮಂಜಿಗೆ ಅಂಚೇ ಇರುವುದಿಲ್ಲ, ಸೂರ್ಯನ ಬೆಳಕೂ ಒಳಗೆ ಬರುವುದಿಲ್ಲ, ಚಿತ್ರ ಕತ್ತಲಾಗುತ್ತದೆ.) Density ಯನ್ನು 0.002 ಇಟ್ಟರೆ ಮನೆಯ ಬೆಳಕಿನಲ್ಲಿ ಶೇ. 92 ನಮಗೆ ತಲುಪುತ್ತದೆ, ಮೊದಲ ಗುಡ್ಡದ್ದು ಶೇ. 55, ಎರಡನೆಯದರದ್ದು ಶೇ. 9. ಮೂರು ಪದರ ಬಂತು. ಅದನ್ನೇ 0.01 ಮಾಡಿದರೆ ಮನೆ ಶೇ. 67ಕ್ಕೆ ಇಳಿಯುತ್ತದೆ, ಮೊದಲ ಗುಡ್ಡ ಶೇ. 5, ಹಿಂದಿನದು ಇಲ್ಲವೇ ಇಲ್ಲ. ಮಂಜು ಜಾಸ್ತಿಯಾದರೆ ಆಳವೂ ಜಾಸ್ತಿಯಾಗುತ್ತದೆ ಎಂದುಕೊಂಡು ಎಲ್ಲರೂ ಈ ಸಂಖ್ಯೆ ಏರಿಸುತ್ತ ಹೋಗುತ್ತಾರೆ. ಆಗುವುದು ಉಲ್ಟಾ, ಒಂದೊಂದೇ ಬೆಟ್ಟ ಕಳೆದುಹೋಗುತ್ತದೆ.

ಇನ್ನೊಂದು, ಮಂಜು ಎಲ್ಲ ಎತ್ತರದಲ್ಲೂ ಒಂದೇ ಸಮ ಇರುವುದಿಲ್ಲ. ಡಿಸೆಂಬರ್, ಜನವರಿಯಲ್ಲಿ ಆಕಾಶ ತಿಳಿಯಾಗಿದ್ದ ರಾತ್ರಿ ನೆಲ ತಣ್ಣಗಾಗಿ, ಅದಕ್ಕೆ ತಾಗಿದ ಗಾಳಿ ಭಾರವಾಗಿ ಇಳಿಜಾರಿನಲ್ಲಿ ಜಾರಿ ಕಣಿವೆಯಲ್ಲಿ ನಿಲ್ಲುತ್ತದೆ. ಬೆಳಗ್ಗೆ ಗದ್ದೆಬಯಲೆಲ್ಲ ಬಿಳಿ, ಮೇಲಿನ ಮನೆಯಂಗಳದಲ್ಲಿ ಬಿಸಿಲು. ಆದ್ದರಿಂದ ಎತ್ತರಕ್ಕೆ ತಕ್ಕಂತೆ Density ಇಳಿಯುವ ಹಾಗೆ Map Range ಹಾಕಬೇಕು. ನಾನು ಮನೆಯ ಮಟ್ಟದಲ್ಲಿ 0.002 ಇಟ್ಟು, 60 ಮೀಟರ್ ಕೆಳಗಿನ ಕಣಿವೆಯ ತಳದಲ್ಲಿ 0.02 ಇಟ್ಟೆ. ಆಗ ದೂರದ ಗುಡ್ಡಗಳ ಕಾಲು ಬಿಳಿಯಲ್ಲಿ ಮುಳುಗಿ ತಲೆ ಮಾತ್ರ ತೇಲುತ್ತದೆ. ಮಳೆಗಾಲದ ಮಂಜು ಇದಲ್ಲ, ಅದು ಗುಡ್ಡಕ್ಕೇ ಬಂದು ತಾಗಿದ ಮೋಡ. ಅದಕ್ಕೆ ಪದರವೂ ಇಲ್ಲ, ಬಿಸಿಲೂ ಇಲ್ಲ. ಬ್ರೋಷರಿನಲ್ಲಿ ಹೊಂಬಿಸಿಲೂ ಇದ್ದು ಮನೆಯ ಸುತ್ತ ಗಟ್ಟಿ ಮಂಜೂ ಇದ್ದರೆ ಎರಡು ಕಾಲವನ್ನು ಕಲಸಿದ್ದಾರೆ ಎಂದರ್ಥ.

ಈಗ ದರೆಯ ವಿಷಯ. ಆ ಮನೆಯ ಹಿಂದೆ ಗುಡ್ಡ ಕಡಿದು ಜಾಗ ಮಟ್ಟ ಮಾಡಿದ್ದರು. ಸುಮಾರು 5 ಮೀಟರ್ ಎತ್ತರದ ಹಸಿ ಕೆಂಪು ದರೆ, ಮನೆಗೆ ತೀರಾ ಹತ್ತಿರ, ಕ್ಯಾಮೆರಾದಿಂದ 55 ಮೀಟರ್. ನನಗೆ ಕೊಟ್ಟ ನಕ್ಷೆಯಲ್ಲಿ ತಡೆಗೋಡೆ ಇರಲಿಲ್ಲ. ಚಿತ್ರ ನೋಡಿದ ಇಂಜಿನಿಯರ್ ಫೋನ್ ಮಾಡಿದರು.

“ಚೆನ್ನಾಗಿದೆ ಕಣ್ರೀ. ಹಿಂದ್ಗಡೆ ಆ ಮಣ್ಣು ಕಾಣ್ತಾ ಇದ್ಯಲ್ಲ, ಅಲ್ಲಿ ಸ್ವಲ್ಪ ಮಂಜು ಬಿಡಿ.”

“ಸಾರ್, ಅಲ್ಲಿ ಮಂಜು ಬಂದ್ರೆ ಮನೇನೂ ಹೋಗುತ್ತೆ,” ಅಂದೆ.

ಅದು ಮಾತಿಗೆ ಹೇಳಿದ್ದಲ್ಲ, ಲೆಕ್ಕ. 0.002ರಲ್ಲಿ ಆ ದರೆಯ ಬೆಳಕು ಶೇ. 90ರಷ್ಟು ತಲುಪುತ್ತದೆ, ಅಂದರೆ ಹೆಚ್ಚುಕಮ್ಮಿ ಮನೆಯಷ್ಟೇ ಸ್ಪಷ್ಟ. ಅದನ್ನು ಶೇ. 10ಕ್ಕೆ ಇಳಿಸಿ ಮರೆಮಾಡಬೇಕಾದರೆ Density 0.042 ಬೇಕು. ಅಷ್ಟಿಟ್ಟರೆ ಮನೆ ಶೇ. 19ಕ್ಕೆ ಬೀಳುತ್ತದೆ, ಬೆಟ್ಟಗಳ ಸುದ್ದಿಯೇ ಬೇಡ. ಹದಿನೈದು ಮೀಟರಿನ ವ್ಯತ್ಯಾಸದಲ್ಲಿ ಒಂದನ್ನು ಬಿಟ್ಟು ಇನ್ನೊಂದನ್ನು ಮುಚ್ಚುವ ಮಂಜು ಬೆಳಗ್ಗೆ ಯಾವ ಗುಡ್ಡದಲ್ಲೂ ಸಿಗುವುದಿಲ್ಲ. ಹಾಗೆ ಮಾಡಬೇಕೆಂದರೆ ಮನೆಗೂ ದರೆಗೂ ನಡುವೆ ಬೇರೆಯೇ ಒಂದು ಸಣ್ಣ ಪೆಟ್ಟಿಗೆ ಇಟ್ಟು ಅದರಲ್ಲಷ್ಟೇ ಗಟ್ಟಿ ಮಂಜು ತುಂಬಬೇಕು. ಐದು ನಿಮಿಷದ ಕೆಲಸ.

ನಾನು ಮಾಡಲಿಲ್ಲ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿದ ಮೇಲೆ, ಅತಿಮಳೆಯ ಜೊತೆಗೆ ಮನೆ, ರಸ್ತೆಗಳಿಗೆಂದು ಇಳಿಜಾರು ಕಡಿದದ್ದನ್ನೂ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಕಾರಣವಾಗಿ ಎತ್ತಿತ್ತು. ಇಳಿಜಾರಿನ ಬುಡ ಕಡಿದರೆ ಮೇಲಿನ ಮಣ್ಣಿಗೆ ಆಸರೆ ಹೋಗುತ್ತದೆ. ಮಳೆನೀರು ಇಳಿದು ಮಣ್ಣು ಭಾರವಾದಾಗ, ನೀರು ಬಸಿಯಲು ದಾರಿಯಿಲ್ಲದಿದ್ದರೆ ಅದು ಜಾರುತ್ತದೆ. ಸೈಟು ಕೊಳ್ಳುವವರು ಮೊದಲು ನೋಡಬೇಕಾದ್ದೇ ಆ ದರೆಯನ್ನು. ದರೆ ಕಾಣಿಸುವುದು ಬೇಡವಾದರೆ ಎರಡು ಮೆಟ್ಟಿಲಾಗಿ ತಡೆಗೋಡೆ ಬರೆದುಕೊಡಿ, ನೀರು ಬಸಿಯುವ ತೂತುಗಳ ಸಮೇತ ಮಾಡಿಕೊಡುತ್ತೇನೆ ಎಂದೆ. ಅವರು ನಕ್ಕರು. ದುಡ್ಡು ಅರ್ಧ ಬಂತು.

ಯುಗಾದಿ ಹೊತ್ತಿಗೆ ಬ್ರೋಷರ್ ಪೇಟೆಯ ಜೆರಾಕ್ಸ್ ಅಂಗಡಿಯಲ್ಲೇ ಕೈಗೆ ಸಿಕ್ಕಿತು. ನನ್ನದೇ ಮನೆ, ನನ್ನದೇ ಕಣಿವೆ. 1200 ಮೀಟರ್ ಆಚೆಯ ಗುಡ್ಡದ ಗೆರೆ ತೆಳುವಾಗಿ ಕಾಣುತ್ತಿದೆ. ಮನೆಯ ಬೆನ್ನಿಗಿದ್ದ ದರೆ ಮಾತ್ರ ಪೂರ್ತಿ ಬಿಳಿ. ಯಾರೋ ಬ್ರಷ್ ಆಡಿಸಿದ್ದಾರೆ, ಅದೂ ಅವಸರದಲ್ಲಿ. ಮನೆಯ ಸೂರಿನ ಅಂಚಿನಲ್ಲಿ ಬಿಳಿ ಒಂದೆರಡು ಕೂದಲೆಳೆಯಷ್ಟು ಹೆಂಚಿನ ಮೇಲೂ ಹತ್ತಿದೆ.

ಅವರಿಂದ ದುಡ್ಡು ತೆಗೆದುಕೊಂಡವರು ಅವರ ಬಗ್ಗೆ ಸುದ್ದಿ ಬರೆಯುವಂತಿಲ್ಲ. ಬ್ರೋಷರ್ ಮತ್ತು ನನ್ನ ಮೂಲ ರೆಂಡರ್ ಎರಡನ್ನೂ ಪಕ್ಕದ ತಾಲ್ಲೂಕಿನ ಗೆಳೆಯನಿಗೆ ಕಳಿಸಿ, ಭೂಪರಿವರ್ತನೆ ಆಗಿದೆಯೋ ಇಲ್ಲವೋ ನೋಡು ಎಂದಿದ್ದೇನೆ. ಪಂಚಾಯ್ತಿಗೆ ಎರಡು ಸಲ ಹೋಗಿ ಬಂದಿದ್ದಾನೆ, ಫೈಲು ಇನ್ನೂ ಸಿಕ್ಕಿಲ್ಲ.