ಅರ್ಧ ಕೊಡ ನೀರು

ಮೊನ್ನೆ ಒಂದು ಸಭೆ ಮುಗಿದ ಮೇಲೆ ಊಟದ ಹೊತ್ತಲ್ಲಿ ಒಬ್ಬರು ಹಳೇ ಕಾಲದ ಮನೆಮದ್ದನ್ನು ಬಹಳ ಹೊಗಳ್ತಿದ್ರು. ನಮ್ಮ ಅಜ್ಜಿಯರಿಗೆ ಡಾಕ್ಟ್ರೇ ಬೇಕಾಗಿರಲಿಲ್ಲ ಅಂದ್ರು. ನಾನು ಮುದ್ದೆ ಮುರೀತಾ ಸುಮ್ನಿದ್ದೆ. ನನ್ನಜ್ಜಿಗೆ ಡಾಕ್ಟ್ರು ಬೇಕಾಗಿತ್ತು. ಆ ರಾತ್ರಿ ಏನಾಯ್ತು ಅಂತ ಬರೀತೀನಿ.

1986ರ ಬೇಸಿಗೆ. ಮಳವಳ್ಳಿ ಕಡೆ ನಮ್ಮೂರು. ನನಗೆ ಆರು ವರ್ಷ. ಅಪ್ಪ ಅವ್ವ ಬೆಂಗಳೂರು ಕಡೆ ಇಟ್ಟಿಗೆ ಗೂಡಿಗೆ ಹೋಗಿದ್ರು, ಮನೇಲಿ ನಾನು ಅಜ್ಜಿ ಇಬ್ರೇ. ಸಂಜೆ ಗೋಲಿ ಆಡ್ತಿದ್ದೋನು ಗೋಡೆಗೆ ಒರಗಿ ಕೂತ್ಬಿಟ್ಟೆನಂತೆ. ದೀಪ ಹಚ್ಚೋ ಹೊತ್ತಿಗೆ ಹಲ್ಲು ಕಟಕಟ ಅಂತಿತ್ತು.

ಅಜ್ಜಿ ಅಂಗೈ ತಿರುಗಿಸಿ ಕೈಯ ಹಿಂಬದಿಯಿಂದ ನನ್ನ ಹೊಟ್ಟೆ ಮುಟ್ಟಿದ್ಲು. ಆಮೇಲೆ ಅಂಗಾಲು ಮುಟ್ಟಿದ್ಲು. ಹಣೆ ಮುಟ್ಟಿದ್ದು ಕಡೇಗೆ.

"ಹೊಟ್ಟೆ ಕೆಂಡ, ಕಾಲು ತಣ್ಣಗದೆ. ಇನ್ನೂ ಏರ್ತದೆ ಕಣ್ ಮಗ," ಅಂದ್ಲು.

ಇದು ಅವಳ ಥರ್ಮಾಮೀಟರು. ಜ್ವರ ಏರ್ತಾ ಇರೋವಾಗ ರಕ್ತ ಕೈಕಾಲು ಬಿಟ್ಟು ಒಳಕ್ಕೆ ಸರಿಯುತ್ತೆ, ಅದಕ್ಕೇ ಪಾದ ತಣ್ಣಗಾಗಿ ನಡುಕ ಬರೋದು. ಆಗ ಒದ್ದೆ ಬಟ್ಟೆ ಹಾಕಿದ್ರೆ ನಡುಕ ಹೆಚ್ಚುತ್ತೆ, ನಡುಕದಿಂದ ಮೈ ಇನ್ನೂ ಕಾಯುತ್ತೆ. ಹಂಗಾಗಿ ಅವಳು ಮೊದಲು ನೀರು ಮುಟ್ಟಲಿಲ್ಲ. ಕಾಲಿಗೆ ಹಳೇ ಸೀರೆ ಹೊದಿಸಿ, ಪಾದ ಉಜ್ಜುತ್ತಾ ಕೂತ್ಲು. ಅಂಗಾಲೂ ಬಿಸಿ ಆದಾಗ ಹೊದಿಕೆ ಎಲ್ಲಾ ಕಿತ್ತು ಹಾಕಿ, ಚಡ್ಡಿ ಒಂದು ಬಿಟ್ಟು, ಬಾಗಿಲು ತೆಗೆದಿಟ್ಲು.

ಜ್ವರದ ಮಗೂಗೆ ಕಂಬಳಿ ಹೊದಿಸಿ ಬೆವರಿಸೋದು ನಮ್ಮ ಕಡೆ ಎಲ್ಲರೂ ಮಾಡ್ತಿದ್ದದ್ದು. ಅಜ್ಜಿ ಯಾಕೆ ಮಾಡ್ತಿರಲಿಲ್ಲ ಅನ್ನೋದು ನನಗೆ ಗೊತ್ತಾಗಿದ್ದು ಬಹಳ ವರ್ಷ ಆದ್ಮೇಲೆ. ಅಪ್ಪನಿಗಿಂತ ಮುಂಚೆ ಅವಳಿಗೆ ಇನ್ನೊಬ್ಬ ಮಗ ಇದ್ದ. ಮೂರು ವರ್ಷದವನು. ಅವನಿಗೆ ಹಿಂಗೇ ಜ್ವರ ಬಂದಾಗ ಹಿರೀಕ್ರು ಹೇಳ್ದಂಗೆ ಎರಡು ಕಂಬಳಿ ಹೊದಿಸಿ ಬಾಗಿಲು ಮುಚ್ಚಿದ್ಲು. ನಡುರಾತ್ರಿ ಫಿಟ್ಸ್ ಬಂತು. ಕೈಗೆ ಕಬ್ಬಿಣದ ಬೀಗದ ಕೈ ಕೊಟ್ಟರು, ಮೂಗಿಗೆ ಈರುಳ್ಳಿ ಹಿಡಿದರು. ಕೋಳಿ ಕೂಗೋ ಹೊತ್ತಿಗೆ ಹೋಗ್ಬಿಟ್ಟ. ಕಂಬಳಿಯೇ ಕೊಂದಿತು ಅಂತ ಸಾಯೋವರೆಗೂ ನಂಬಿದ್ಲು. ಬರೀ ಕಂಬಳಿಗೆ ಮಗು ಸಾಯಲಿಕ್ಕಿಲ್ಲ, ಮಲೇರಿಯಾನೋ ಮಿದುಳು ಜ್ವರಾನೋ ಇದ್ದಿರಬಹುದು. ನೋಡೋರೇ ಇಲ್ಲದ ಮೇಲೆ ಯಾರು ಹೇಳ್ಬೇಕು. ಆ ತಪ್ಪನ್ನ ಅವಳೊಬ್ಬಳೇ ಹೊತ್ಕೊಂಡಿದ್ಲು.

ಆಸ್ಪತ್ರೆ ಆರು ಮೈಲಿ. ರಾತ್ರಿ ಬಸ್ಸಿಲ್ಲ. ಊರಲ್ಲಿ ಗಾಡಿ ಇದ್ದೋರು ಮೇಲಿನ ಬೀದಿಯೋರು, ಆ ಹೊತ್ತಲ್ಲಿ ಅವರ ಜಗುಲಿ ಮುಂದೆ ನಿಂತು ಕೂಗೋ ಧೈರ್ಯ ನಮ್ಮ ಕೇರಿಯ ಗಂಡಸರಿಗೇ ಇರಲಿಲ್ಲ.

ಈಗ ನೀರಿನ ವಿಷಯಕ್ಕೆ ಬರ್ತೀನಿ. ಮನೆಮದ್ದು ಅನ್ನೋರು ಇದನ್ನ ಹೇಳೋದಿಲ್ಲ. ಕಷಾಯಕ್ಕೆ ನೀರು ಬೇಕು, ಗಂಜಿಗೆ ಬೇಕು, ಮೈ ಒರೆಸೋಕೆ ಬೇಕು, ವಾಂತಿ ತೊಳೆಯೋಕೆ ಬೇಕು. ನಮ್ಮ ಕೇರಿ ಬಾವಿ ಯುಗಾದಿ ಹೊತ್ತಿಗೇ ಕೆಸರಾಗಿತ್ತು. ಮೇಲಿನ ಬೀದಿ ಬಾವಿ ನಾವು ಸೇದೋ ಹಂಗಿಲ್ಲ, ದೂರ ಕೊಡ ಇಟ್ಟು ಯಾರಾದ್ರೂ ಹುಯ್ಯೋವರೆಗೂ ಕಾಯ್ಬೇಕು. ಬಾಬಾಸಾಹೇಬರು ಮಹಾಡ್ ಕೆರೆಯ ನೀರು ಕುಡಿದದ್ದು 1927ರಲ್ಲಿ. 59 ವರ್ಷ ಆಗಿತ್ತು. ಆ ರಾತ್ರಿ ನಮ್ಮನೇಲಿ ಇದ್ದದ್ದು ಅರ್ಧ ಕೊಡ ನೀರು.

ಅಜ್ಜಿ ಅದನ್ನ ಭಾಗ ಮಾಡಿದ್ಲು. ಒಂದು ಚೊಂಬು ಕುಡಿಯೋಕೆ, ಅದನ್ನ ಮುಚ್ಚಿಟ್ಲು. ಎರಡು ಲೋಟ ಗಂಜಿಗೆ. ಮಿಕ್ಕಿದ್ದು ಬೋಸಿಗೆ. ಬೋಸಿ ನೀರಿಗೆ ಒಂದಿಷ್ಟು ಬಿಸಿನೀರು ಬೆರೆಸಿ ಉಗುರುಬೆಚ್ಚಗೆ ಮಾಡಿದ್ಲು. ತಣ್ಣೀರು ಹಾಕಿದ್ರೆ ಮತ್ತೆ ನಡುಕ. ನೂಲು ಸೀರೆಯ ಹರುಕು ಅದ್ದಿ ಹಿಂಡಿ, ಕಂಕುಳು, ಕುತ್ತಿಗೆ, ತೊಡೆಸಂದು ಒರೆಸಿದ್ಲು. ಒರೆಸಿ ಹಂಗೇ ಗಾಳಿಗೆ ಬಿಟ್ಲು, ಮೊರದಲ್ಲಿ ಮೆಲ್ಲಗೆ ಬೀಸಿದ್ಲು. ಹಿಂಡಿದ ನೀರು ಮತ್ತೆ ಅದೇ ಬೋಸಿಗೆ. ಇದರಿಂದ ಜ್ವರದ ಕಾರಣ ಹೋಗಲ್ಲ, ಮಗೂಗೆ ಒಂದು ಗಳಿಗೆ ಹಾಯಾಗುತ್ತೆ ಅಷ್ಟೇ. ಆ ಗಳಿಗೇಲಿ ಅವಳು ಬಾಯಿಗೆ ಏನಾದ್ರೂ ಹಾಕ್ತಿದ್ಲು.

ಹಾಕಿದ್ದು ರಾಗಿ ಗಂಜಿಯ ತಿಳಿ. ಚಿಟಿಕೆ ಉಪ್ಪು, ಒಂದು ಚೂರು ಬೆಲ್ಲ. ಮೊದಲು ಲೋಟ ಎತ್ತಿ ಕುಡಿಸಿದ್ಲು, ಎಲ್ಲಾ ವಾಂತಿ ಮಾಡ್ದೆ. ಆಮೇಲೆ ಚಮಚದಲ್ಲಿ ಒಂದೊಂದೇ. ಒಂದು ಚಮಚ ಹಾಕೋದು, ನಾಲ್ಕು ಮನೆ ಸುದ್ದಿ ಹೇಳೋದು, ಮತ್ತೊಂದು ಚಮಚ. ಹಂಗೆ ಹಾಕಿದ್ದು ಹೊಟ್ಟೇಲಿ ನಿಂತಿತು.

ಕಷಾಯಾನೂ ಮಾಡಿದ್ಲು. ಮೆಣಸು, ಒಣಶುಂಠಿ, ಬೇಲಿ ಮೇಲಿನ ಅಮೃತಬಳ್ಳಿ, ರಸ್ತೆ ಬದಿಯ ನಾಯಿತುಳಸಿ. (ತುಳಸಿಕಟ್ಟೆ ನಮ್ಮ ಕೇರೀಲಿ ಯಾರ ಮನೆ ಮುಂದೆ ಇತ್ತು?) ಒಂದು ಲೋಟ ಅರ್ಧಕ್ಕಿಳಿಸಿ ಎರಡು ಚಮಚ ಕುಡಿಸಿದ್ಲು. ಉಪ್ಪು, ಒಣಮೆಣಸಿನಕಾಯಿ ಇಳಿ ತೆಗೆದು ಒಲೆಗೆ ಹಾಕಿದ್ಲು, ಮಾರಮ್ಮನಿಗೆ ಅರಿಶಿನ ಬಟ್ಟೇಲಿ ನಾಲ್ಕಾಣೆ ಕಟ್ಟಿದ್ಲು. ವಿಚಾರವಾದಿ ಗೆಳೆಯರು ಬೈಕೊಳ್ಳಲಿ, ನಾನು ಅವಳನ್ನ ಬೈಯಲಾರೆ. ಆದ್ರೆ ನನ್ನ ಲೆಕ್ಕದಲ್ಲಿ ಕೆಲಸ ಮಾಡಿದ್ದು ಗಂಜಿಯ ತಿಳಿ.

ನಡುರಾತ್ರಿ ನಾನು ಏನೇನೋ ಬಡಬಡಿಸ್ತಾ ಕಾಲು ಝಾಡಿಸಿ ಬೋಸಿ ಒದ್ದೆ. ನೀರೆಲ್ಲಾ ಸಗಣಿ ನೆಲಕ್ಕೆ ಹೋಯ್ತು. ಅಜ್ಜಿ ಒಂದು ಮಾತೂ ಆಡಲಿಲ್ಲ. ನೆಲದ ಮೇಲಿನ ನೀರಿಗೇ ಬಟ್ಟೆ ಒತ್ತಿ ನೋಡಿದ್ಲು, ಸಗಣಿ ಬಂತು. ಎದ್ದು ಪಕ್ಕದ ಮನೆ ಚಿಕ್ಕವ್ವನ್ನ ಎಬ್ಬಿಸಿದ್ಲು. ಆ ಮನೇಲೂ ಬೆಳಗ್ಗೆಗೆ ಅಂತ ಇಟ್ಟಿದ್ದು ಎರಡು ಚೊಂಬು. ಚಿಕ್ಕವ್ವ ಎರಡನ್ನೂ ತಂದು ಕೊಟ್ಟು ತಾನೂ ಕೂತ್ಲು.

ಗಳಿಗೆಗೊಮ್ಮೆ ಅಜ್ಜಿ ಮೂರು ವಿಷಯ ನೋಡ್ತಿದ್ಲಂತೆ, ಚಿಕ್ಕವ್ವ ಈಗಲೂ ಹೇಳ್ತಾಳೆ. ಹೆಸರು ಕರೆದರೆ ಕಣ್ಣು ಬಿಡ್ತಾನಾ. ಪಕ್ಕೆ ಒಳಕ್ಕೆ ಸೇದ್ತಾ ಇದೆಯಾ. ಗಲ್ಲ ಎದೆಗೆ ತಾಗುತ್ತಾ. ಇವುಗಳಲ್ಲಿ ಒಂದು ತಪ್ಪಿದ್ರೂ ಹೆಗಲ ಮೇಲೆ ಹಾಕ್ಕೊಂಡು ಕತ್ತಲಲ್ಲೇ ಆರು ಮೈಲಿ ನಡೆಯೋದು ಅಂತ ಸೀರೆ ಸೆರಗು ಸೊಂಟಕ್ಕೆ ಸಿಕ್ಕಿಸಿಯೇ ಕೂತಿದ್ಲು.

ಬೆಳ್ಳಿ ಮೂಡೋ ಹೊತ್ತಿಗೆ, "ಅಜ್ಜಿ, ಉಚ್ಚೆ," ಅಂದೆ. ಹೊಸಿಲ ಮೇಲೆ ಎತ್ತಿ ಹಿಡಿದ್ಲು. ಹುಯ್ದದ್ದು ನೋಡಿ ಅವಳು ಅತ್ತಳಂತೆ, ರಾತ್ರಿಯೆಲ್ಲಾ ಅಳದೇ ಇದ್ದೋಳು. ಮೈಯಲ್ಲಿ ನೀರಿದೆ ಅಂತ ಅವಳಿಗೆ ಅರ್ಥ ಆಗಿತ್ತು. ಆಮೇಲೆ ಹಣೆ ಬೆವರಿತು.

ಹತ್ತು ಗಂಟೆಗೆ ಆಸ್ಪತ್ರೇಲಿ ನಮ್ಮನ್ನ ವರಾಂಡದಲ್ಲೇ ನಿಲ್ಸಿದ್ರು. ಯಾವ ಕೇರಿ ಅಂತ ಕೇಳಿದ್ರು. ಡಾಕ್ಟ್ರು ನಾಡಿ ಹಿಡೀಲಿಲ್ಲ, ನಾಲಿಗೆ ತೋರ್ಸು ಅಂದ್ರು. ಕಾಂಪೌಂಡರು ಕಾಗದದ ಪೊಟ್ಟಣಾನ ಕಿಟಕಿ ಕಟ್ಟೆ ಮೇಲಿಟ್ಟು ಕೈ ಹಿಂದಕ್ಕೆ ಎಳೆದುಕೊಂಡ.

ಇವತ್ತು ನನ್ನ ಮಗಳಿಗೆ ಜ್ವರ ಬಂದ್ರೆ ತೂಕ ನೋಡಿ ಪ್ಯಾರಸಿಟಮಾಲ್ ಸಿರಪ್ ಹಾಕ್ತೀನಿ. ಫಿಟ್ಸ್ ಬಂದ್ರೆ ಮಗ್ಗುಲಿಗೆ ಮಲಗಿಸ್ಬೇಕು, ಬಾಯಿಗೆ ಏನೂ ಇಡಬಾರದು, ಆಸ್ಪತ್ರೆಗೆ ಓಡ್ಬೇಕು ಅಂತ ಗೊತ್ತು. ಓಡಿದ್ರೆ ಮುಟ್ಟಿ ನೋಡೋ ಡಾಕ್ಟ್ರು ಇದ್ದಾರೆ. ಆದ್ರೂ ಕೈ ತಾನಾಗೇ ಮೊದಲು ಅಂಗಾಲಿಗೆ ಹೋಗುತ್ತೆ.

ಆಸ್ಪತ್ರೆಯಿಂದ ಬಂದ ಅಜ್ಜಿ ನನ್ನನ್ನ ಚಿಕ್ಕವ್ವನ ಮನೇಲಿ ಮಲಗಿಸಿ, ಖಾಲಿ ಕೊಡ ಎತ್ಕೊಂಡು ಮೇಲಿನ ಬೀದಿ ಬಾವಿಗೆ ಹೋದ್ಲು. ಚಿಕ್ಕವ್ವನಿಗೂ ಎರಡು ಚೊಂಬು ತಿರುಗಿ ಕೊಡಬೇಕಿತ್ತು. ಮಧ್ಯಾಹ್ನದ ಬಿಸಿಲು. ಹುಯ್ಯೋರು ಬರೋವರೆಗೂ ನಿಂತಿದ್ಲು.