ಅಂಗಡಿಯವರ ನೋಟೀಸಿಗೆ ಬರೆದ ಉತ್ತರ

ನೆರೆಯ ದಿನಸಿ ಅಂಗಡಿಯವರು 2022-23ನೆಯ ಸಾಲಿನ ಲೆಕ್ಕದ ಬಗ್ಗೆ ಬಂದ ಆದಾಯತೆರಿಗೆಯ ನೋಟೀಸನ್ನು ನಮ್ಮಲ್ಲಿಗೆ ತಂದರು. ಒಬ್ಬನಿಗೆ ಒಂದೇ ದಿನ 10,000 ರೂಪಾಯಿಗೆ ಮೀರಿ ನಗದು ಕೊಟ್ಟರೆ, ಆ ಸಾಲಿಗೆ ಅನ್ವಯಿಸುತ್ತಿದ್ದ 1961ರ ಕಾಯಿದೆಯ 40ಎ(3)ರಂತೆ ಆ ವೆಚ್ಚವನ್ನು ಪೂರ್ತಿಯಾಗಿ ತಳ್ಳಿ ಲಾಭಕ್ಕೆ ಸೇರಿಸುತ್ತಿದ್ದರು. ಮಿತಿಗೆ ಮಿಕ್ಕಿದ್ದನ್ನು ಮಾತ್ರವಲ್ಲ. ಇವರು ರಾಗಿಗಾಗಿ ರೈತನೊಬ್ಬನಿಗೆ 18,000ವನ್ನೂ, ಬೆಲ್ಲಕ್ಕಾಗಿ ಮಂಡಿಯ ವರ್ತಕನಿಗೆ 14,000ವನ್ನೂ ಕೊಟ್ಟಿದ್ದರು.

“ಮೇಷ್ಟ್ರೇ, ರಶೀತಿಯನ್ನು ಎರಡಾಗಿ ಒಡೆದು ಬರೆಸಲೇ?” ಎಂದರು. ಅದು ಸುಳ್ಳು, ಮೇಲಾಗಿ ಒಂದೇ ದಿನದವನ್ನು ಕೂಡಿಸಿಯೇ ನೋಡುತ್ತಾರೆ.

ಬೆಳೆದವನ ಕೈಗೇ ಬೆಳೆಯ ಬೆಲೆಯನ್ನು ಕೊಟ್ಟರೆ 6ಡಿಡಿ ನಿಯಮದಲ್ಲಿ ವಿನಾಯಿತಿಯಿತ್ತು. ಆದುದರಿಂದ ರೈತನ ಸಹಿಯುಳ್ಳ ರಶೀತಿಯನ್ನೂ, ರಾಗಿಯ ಬೆಳೆ ನಮೂದಾಗಿದ್ದ ಪಹಣಿಯನ್ನೂ ಲಗತ್ತಿಸಿ, ಆ 18,000ವನ್ನು ವೆಚ್ಚವೆಂದು ಒಪ್ಪಬೇಕೆಂದು ಬರೆದೆವು. ವರ್ತಕನು ಬೆಳೆಗಾರನಲ್ಲ, ಆ 14,000ವನ್ನು ಬಿಟ್ಟುಕೊಟ್ಟೆವು. ಅಂಗಡಿಯವರು ಸಪ್ಪೆ ಮೋರೆಯಿಂದಲೇ ಸಹಿ ಹಾಕಿದರು.